ರೂಮ್‌ಮೇಟ್ ಬದಲಾಗುವಾಗ ಮಾಲೀಕರ ಲಿಖಿತ ಒಪ್ಪಿಗೆ: ಪತ್ರದಲ್ಲಿ ಏನೇನು ಇರಬೇಕು?

ವಿಜಯನಗರದ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಎರಡು ಮಲಗುವ ಕೋಣೆಗಳ ಮನೆಯೊಂದರಲ್ಲಿ ಸ್ನೇಹಿತನೊಂದಿಗೆ ಬಾಡಿಗೆಗೆ ಇದ್ದೇನೆ. ತಿಂಗಳ ಬಾಡಿಗೆ 26,000 ರೂಪಾಯಿ, ಅಡ್ವಾನ್ಸ್ 1,50,000 ರೂಪಾಯಿ. ಎರಡನ್ನೂ ನಾವಿಬ್ಬರೂ ಸಮನಾಗಿ ಹಂಚಿಕೊಂಡಿದ್ದೇವೆ. ಮೊದಲ 11 ತಿಂಗಳ ಕರಾರು ಮುಗಿದ ಮೇಲೆ ಕಳೆದ ಜೂನ್‌ನಲ್ಲಿ ಹೊಸ ಕರಾರು ಮಾಡಿಸಿದ್ದೇವೆ. ಅದು ಬರುವ ಏಪ್ರಿಲ್ ಕೊನೆಯವರೆಗೆ ಇದೆ. ಸ್ನೇಹಿತನಿಗೆ ಪುಣೆಗೆ ವರ್ಗವಾಗಿದ್ದು, ಅಕ್ಟೋಬರ್ ಕೊನೆಗೆ ಅವನು ಮನೆ ಬಿಡುತ್ತಾನೆ. ಅವನ ಕೋಣೆಗೆ ನನ್ನ ಸಹೋದ್ಯೋಗಿಯೊಬ್ಬರು ಬರಲು ಸಿದ್ಧರಿದ್ದಾರೆ.

ಕರಾರಿನ ಒಂಬತ್ತನೆಯ ಷರತ್ತು ಹೀಗಿದೆ: "ಬಾಡಿಗೆದಾರರು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಅನ್ಯರ ಸ್ವಾಧೀನಕ್ಕೆ ಬಿಡತಕ್ಕದ್ದಲ್ಲ, ತಪ್ಪಿದಲ್ಲಿ ಕರಾರು ರದ್ದಾಗಿ ಮಾಲೀಕರು ಮನೆಯನ್ನು ಮರಳಿ ವಶಕ್ಕೆ ಪಡೆಯಬಹುದು." ಮಾಲೀಕರು ತುಮಕೂರಿನಲ್ಲಿರುವ ವಯಸ್ಸಾದ ತಾಯಿ. ಬಾಡಿಗೆ, ರಿಪೇರಿ ಎಲ್ಲವನ್ನೂ ಅವರ ಮಗ ನೋಡಿಕೊಳ್ಳುತ್ತಾರೆ. ಅವರಿಗೆ ಫೋನ್ ಮಾಡಿದಾಗ "ಬರಲಿ ಬಿಡಿ, ಏನೂ ತೊಂದರೆಯಿಲ್ಲ" ಎಂದರು.

ನನ್ನ ಪ್ರಶ್ನೆ ಮೂರು. ಫೋನಿನಲ್ಲಿ ಹೇಳಿದ ಮಾತು ಸಾಕೇ? ಸಾಲದಿದ್ದರೆ, "ನನ್ನ ಜೊತೆಯಲ್ಲಿ ನನ್ನ ಸಹೋದ್ಯೋಗಿ ವಾಸಿಸಲು ದಯವಿಟ್ಟು ಅನುಮತಿ ನೀಡಬೇಕು" ಎಂದು ಒಂದು ಸಾಲು ಬರೆದು ಮಗನಿಂದ ಸಹಿ ಹಾಕಿಸಿಕೊಂಡರೆ ನಡೆಯುತ್ತದೆಯೇ? ಫ್ರಿಜ್, ಮಂಚ, ವಾಷಿಂಗ್ ಮೆಷಿನ್ ಎಲ್ಲವೂ ನನ್ನವಾದ್ದರಿಂದ, ಹೊಸಬರಿಂದ 13,000ದ ಬದಲು 15,000 ರೂಪಾಯಿ ಪಡೆಯಬಹುದೇ?

ಕಾನೂನುಪ್ರಿಯ

ನೀವು ಇಷ್ಟೊಂದು ಚಿಂತಿಸುವ ಅಗತ್ಯವಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮಿನ ಪ್ರಕಾರ ಬಾಡಿಗೆದಾರನು ತನ್ನ ಹಕ್ಕನ್ನು ಪೂರ್ತಿಯಾಗಿ ಅಥವಾ ಭಾಗಶಃ ಒಳಬಾಡಿಗೆಗೆ ಕೊಡಬಹುದು. ಇನ್ನು ಹೊಸಬರು ಬಂದ ವಿಷಯ ಮಾಲೀಕರಿಗೆ ತಿಳಿದೂ ಅವರು ಮುಂದಿನ ತಿಂಗಳ ಬಾಡಿಗೆಯನ್ನು ತೆಗೆದುಕೊಂಡರೆ, ಆಕ್ಷೇಪಿಸುವ ಹಕ್ಕನ್ನು ಅವರೇ ಬಿಟ್ಟುಕೊಟ್ಟಂತಾಗುತ್ತದೆ. ಅದು 112ನೇ ಕಲಮು. ಎರಡು ತಿಂಗಳ ಬಾಡಿಗೆ ಅವರ ಖಾತೆಗೆ ಹೋಗಲಿ, ನಿಮ್ಮ ಕೆಲಸ ತಾನಾಗಿಯೇ ಆಗುತ್ತದೆ.

ಕರಾರು ಬರಹ

ಮೂವತ್ತು ವರ್ಷಗಳಿಂದ ಬಾಡಿಗೆ ವ್ಯಾಜ್ಯಗಳನ್ನೂ ಕರಾರುಗಳನ್ನೂ ನೋಡುತ್ತ ಬಂದಿರುವ ವಕೀಲನಾಗಿ ಎರಡು ಮಾತು ಹೇಳಬೇಕೆನಿಸಿತು.

ಮೇಲಿನವರು ಹೇಳಿದ ಕಲಮುಗಳು ಇರುವುದು ನಿಜ. ಆದರೆ 108ನೇ ಕಲಮು ಆರಂಭವಾಗುವುದೇ "ಕರಾರು ಅಥವಾ ಸ್ಥಳೀಯ ರೂಢಿ ಬೇರೆ ರೀತಿ ಇಲ್ಲದಿದ್ದರೆ" ಎಂಬ ಅರ್ಥದ ಮಾತಿನಿಂದ. ಇಲ್ಲಿ ಕರಾರು ಬೇರೆ ರೀತಿಯಲ್ಲಿಯೇ ಇದೆ. ಒಂಬತ್ತನೆಯ ಷರತ್ತು ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡಿದೆ. ಬಾಡಿಗೆ ಸ್ವೀಕರಿಸಿದರೆ ಹಕ್ಕು ಬಿಟ್ಟುಕೊಟ್ಟಂತೆ ಎಂಬ ವಾದವನ್ನು ನ್ಯಾಯಾಲಯದಲ್ಲಿ ಮಂಡಿಸಬಹುದು, ಆದರೆ ಮಾಲೀಕರಿಗೆ ವಿಷಯ ತಿಳಿದಿತ್ತೆಂದು ಸಾಬೀತುಪಡಿಸುವ ಹೊರೆ ನಿಮ್ಮದು. ತುಮಕೂರಿನಲ್ಲಿರುವ ತಾಯಿಗೆ ಏನು ತಿಳಿದಿತ್ತು ಎಂಬುದನ್ನು ನೀವು ಹೇಗೆ ತೋರಿಸುತ್ತೀರಿ?

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಸಾಮಾನ್ಯವಾಗಿ ಬಾಡಿಗೆದಾರನು ಷರತ್ತನ್ನು ಮುರಿದು, ಅದರಿಂದ ಕರಾರು ರದ್ದಾಗುವಂತಿದ್ದರೆ, ತಪ್ಪನ್ನು ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡುವ ನೋಟಿಸನ್ನು ಮಾಲೀಕರು ಮೊದಲು ಕೊಡಬೇಕೆಂದು 114ಎ ಕಲಮು ಹೇಳುತ್ತದೆ. ಆದರೆ ಒಳಬಾಡಿಗೆಗೆ ಕೊಡಬಾರದು, ಸ್ವಾಧೀನ ಬಿಡಬಾರದು ಎಂಬ ಸ್ಪಷ್ಟ ಷರತ್ತುಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲವೆಂದು ಅದೇ ಕಲಮು ಕೊನೆಯಲ್ಲಿ ಸೇರಿಸಿದೆ. ಗೋಡೆಗೆ ಮೊಳೆ ಹೊಡೆದ ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶ ಸಿಕ್ಕೀತು, ಕೋಣೆಯನ್ನು ಒಳಬಾಡಿಗೆಗೆ ಕೊಟ್ಟ ತಪ್ಪಿಗೆ ಸಿಗದು. ಆದ್ದರಿಂದಲೇ ಒಪ್ಪಿಗೆಯ ಕಾಗದವು ಹೊಸಬರ ಸಾಮಾನು ಮನೆಗೆ ಬರುವ ಮೊದಲೇ ಕೈಯಲ್ಲಿರಬೇಕು.

ಕರ್ನಾಟಕ ಬಾಡಿಗೆ ಅಧಿನಿಯಮದ ಆಸರೆಯನ್ನು ಯಾರಾದರೂ ನೆನಪಿಸುವ ಮೊದಲೇ ಹೇಳಿಬಿಡುತ್ತೇನೆ. 1999ರ ಆ ಅಧಿನಿಯಮವು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. 26,000 ರೂಪಾಯಿಯ ಮನೆಗೆ ನಿಮ್ಮ ಕರಾರು ಮತ್ತು 1882ರ ಕಾನೂನು, ಇವೆರಡೇ ಗತಿ.

ಪತ್ರದ ಬಗ್ಗೆ ಹೇಳುವ ಮೊದಲು ನನಗೊಂದು ಉತ್ತರ ಬೇಕು. ಜೂನ್‌ನ ಕರಾರಿಗೆ ಬಾಡಿಗೆದಾರರಾಗಿ ಸಹಿ ಹಾಕಿದವರು ನೀವೊಬ್ಬರೇ, ಅಥವಾ ನಿಮ್ಮ ಸ್ನೇಹಿತರೂ ಹಾಕಿದ್ದಾರೆಯೇ? ಮಾಲೀಕರ ಜಾಗದಲ್ಲಿ ಯಾರ ಸಹಿ ಇದೆ?

ಅಕ್ಕನ ಮನೆ

ನನ್ನದೂ ಇದೇ ಸಮಸ್ಯೆ ಎಂದುಕೊಂಡಿದ್ದೇನೆ. ನನ್ನ ತಂಗಿ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ಹಾಸನದಿಂದ ಬಂದು ಮೂರು ತಿಂಗಳಿಂದ ನನ್ನ ಮನೆಯಲ್ಲಿಯೇ ಇದ್ದಾಳೆ. ನಾನು ಮಾಲೀಕರಿಂದ ಯಾವ ಕಾಗದವನ್ನೂ ಪಡೆದಿಲ್ಲ. ಈಗ ನನ್ನ ಕರಾರೂ ರದ್ದಾಗುತ್ತದೆಯೇ? ನೀರಿನ ಟ್ಯಾಂಕರ್ ಬಂದಾಗಲೆಲ್ಲ ಮಾಲೀಕರು ಅವಳನ್ನು ನೋಡಿ ಮುಖ ಸಿಂಡರಿಸುತ್ತಾರೆ.

ಕರಾರು ಬರಹ

ಗಾಬರಿಯಾಗಬೇಡಿ ತಾಯಿ, ನಿಮ್ಮದು ಬೇರೆ ವಿಷಯ. ಒಳಬಾಡಿಗೆ ಎನ್ನಲು ಎರಡು ಅಂಶಗಳು ಬೇಕು: ಬಂದವರಿಗೆ ಮನೆಯ ಅಥವಾ ಒಂದು ಭಾಗದ ಸ್ವಾಧೀನವನ್ನು ಪ್ರತ್ಯೇಕವಾಗಿ ಬಿಟ್ಟುಕೊಟ್ಟಿರಬೇಕು, ಅದಕ್ಕೆ ಪ್ರತಿಯಾಗಿ ಏನಾದರೂ ಪಡೆದಿರಬೇಕು. ತಂಗಿ ನಿಮ್ಮೊಂದಿಗೆ ನಿಮ್ಮ ಮನೆಯಲ್ಲಿದ್ದಾಳೆ, ಹಣ ಕೊಡುತ್ತಿಲ್ಲ, ಆದ್ದರಿಂದ ಅದು ಒಳಬಾಡಿಗೆಯಾಗುವುದಿಲ್ಲ. ಆದರೆ "ಇಂತಿಷ್ಟು ಜನ ಮಾತ್ರ ವಾಸಿಸತಕ್ಕದ್ದು" ಎಂಬ ಸಾಲು ನಿಮ್ಮ ಕರಾರಿನಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಮುಖ ಸಿಂಡರಿಸುವುದಕ್ಕೆ ಕಾರಣ ನೀರಾಗಿದ್ದರೆ, ಟ್ಯಾಂಕರಿನ ಹಣದಲ್ಲಿ ಸ್ವಲ್ಪ ಹೆಚ್ಚಿನ ಪಾಲು ಕೊಡುತ್ತೇನೆಂದು ನೀವಾಗಿಯೇ ಹೇಳಿ ನೋಡಿ.

ಮ್ಯೂನಿಕ್ ಮಲೆನಾಡಿಗ

ಮಾಲೀಕರನ್ನು ಇಷ್ಟೊಂದು ಬೇಡಿಕೊಳ್ಳಬೇಕೇ ಎಂದು ಆಶ್ಚರ್ಯವಾಗುತ್ತಿದೆ. ಜರ್ಮನಿಯಲ್ಲಿ, ಕರಾರಾದ ಮೇಲೆ ಹುಟ್ಟಿಕೊಂಡ ನ್ಯಾಯಯುತ ಕಾರಣವಿದ್ದರೆ, ಮನೆಯ ಒಂದು ಭಾಗವನ್ನು ಇನ್ನೊಬ್ಬರಿಗೆ ಕೊಡಲು ಒಪ್ಪಿಗೆ ನೀಡಿ ಎಂದು ಕೇಳುವುದು ಬಾಡಿಗೆದಾರನ ಹಕ್ಕು. ಅಲ್ಲಿಯ ನಾಗರಿಕ ಸಂಹಿತೆಯ 553ನೇ ಕಲಮು ಅದನ್ನು ಹೇಳುತ್ತದೆ. ಬರುವ ವ್ಯಕ್ತಿಯ ಬಗ್ಗೆ ಗಂಭೀರ ಕಾರಣವಿದ್ದರೆ ಅಥವಾ ಮನೆಯಲ್ಲಿ ಜನ ಅತಿಯಾಗುವಂತಿದ್ದರೆ ಮಾಲೀಕರು ನಿರಾಕರಿಸಬಹುದು. ಜೊತೆಗಿದ್ದವನು ಊರು ಬಿಟ್ಟಾಗ ನಾನು ಹಾಗೆಯೇ ಪತ್ರ ಬರೆದು ಒಪ್ಪಿಗೆ ಪಡೆದೆ. ನೀವೂ ಇದನ್ನು ಹಕ್ಕೆಂದೇ ಕೇಳಿ.

ಗಾಂಧಿಬಜಾರ್ ಮಾಲೀಕ

ಮ್ಯೂನಿಕ್‌ನವರೇ, ಇಲ್ಲಿ ಅಂಥ ಹಕ್ಕಿಲ್ಲ. ಹಕ್ಕೆಂದು ಪತ್ರ ಬರೆದರೆ ಇಲ್ಲಿನ ಮಾಲೀಕರು ಮೊದಲು ಮಾಡುವ ಕೆಲಸ ಏಪ್ರಿಲ್‌ನಲ್ಲಿ ಕರಾರನ್ನು ನವೀಕರಿಸದಿರುವುದು. ಅದಕ್ಕೆ ಅವರು ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ಒಂಬತ್ತನೆಯ ಷರತ್ತಿನ ಬಗ್ಗೆ ವಾದದಲ್ಲಿ ಗೆದ್ದರೂ ಆರು ತಿಂಗಳಲ್ಲಿ ಮನೆ ಹುಡುಕಬೇಕಾಗುತ್ತದೆ.

ಮಾಲೀಕರು ಏಕೆ ಕಾಗದ ಕೇಳುತ್ತಾರೆಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ನನ್ನ ಮೇಲ್ಮಹಡಿಯ ಮನೆಯನ್ನು ಮೂವರು ಹುಡುಗರಿಗೆ ಕೊಟ್ಟಿದ್ದೆ. ಒಬ್ಬ ಹೋದ, ಇನ್ನೊಬ್ಬ ಬಂದ. ಅವನೂ ಹೋದ, ಅವನ ಪರಿಚಯದವನು ಬಂದ. ಎರಡು ವರ್ಷ ಕಳೆಯುವಷ್ಟರಲ್ಲಿ ಕರಾರಿಗೆ ಸಹಿ ಹಾಕಿದ ಮೂವರಲ್ಲಿ ಒಬ್ಬರೂ ಮನೆಯಲ್ಲಿರಲಿಲ್ಲ. ಮೂರು ತಿಂಗಳ ಕರೆಂಟ್ ಬಿಲ್ ಬಾಕಿಯಿತ್ತು. ಇದ್ದವರು "ನಾವು ನಮ್ಮ ಪಾಲನ್ನು ಹಳಬರಿಗೆ ಕೊಟ್ಟಿದ್ದೇವೆ" ಎಂದರು, ಹಳಬರು ಫೋನ್ ಎತ್ತಲಿಲ್ಲ. ಅಡ್ವಾನ್ಸ್ ಯಾರಿಗೆ ಹಿಂದಿರುಗಿಸಬೇಕೆಂಬುದೇ ನನಗೆ ತಿಳಿಯದಾಯಿತು. ಕೇಳಿಕೊಂಡು ಬಂದವರು ಒಟ್ಟು ಐವರು. ಅಂದಿನಿಂದ ಹೊಸಬರ ಆಧಾರ್ ಪ್ರತಿ, ಕೆಲಸದ ಸ್ಥಳದ ಗುರುತು ಮತ್ತು ಹೊಸ ಸಹಿಯಿಲ್ಲದೆ ನಾನು ಯಾರನ್ನೂ ಒಳಗೆ ಬಿಡುವುದಿಲ್ಲ. ಇವಿಷ್ಟನ್ನು ನಾನು ಕೇಳುವ ಮೊದಲೇ ತಂದುಕೊಟ್ಟವರಿಗೆ ಇದುವರೆಗೆ ಇಲ್ಲವೆಂದಿಲ್ಲ.

ಬಾಡಿಗೆ ಮಾತ್ರ ಒಂದೇ ಕಂತಿನಲ್ಲಿ, ಒಬ್ಬರ ಖಾತೆಯಿಂದಲೇ ಬರಬೇಕೆಂಬುದು ನನ್ನ ನಿಯಮ.

ವಿಜಯನಗರದ ಬಾಡಿಗೆದಾರ

ವಕೀಲರ ಪ್ರಶ್ನೆಗೆ ಉತ್ತರ: ಬಾಡಿಗೆದಾರರಾಗಿ ನಾವಿಬ್ಬರೂ ಸಹಿ ಹಾಕಿದ್ದೇವೆ. ಮಾಲೀಕರಾಗಿ ತಾಯಿಯವರ ಹೆಸರಿದೆ, ಅವರದೇ ಸಹಿಯಿದೆ. ಮಗ ಸಾಕ್ಷಿಯಾಗಿ ಮಾತ್ರ ಸಹಿ ಮಾಡಿದ್ದಾರೆ. ಇದನ್ನು ನಾನು ಗಮನಿಸಿಯೇ ಇರಲಿಲ್ಲ.

ಕರಾರು ಬರಹ

ಹಾಗಾದರೆ ನೀವು ಬರೆದಿರುವ ಒಂದು ಸಾಲಿನ ಪತ್ರ ಎರಡು ಕಡೆ ಸೋಲುತ್ತದೆ.

ಮೊದಲನೆಯದು ಸಹಿ. ಕರಾರಿನಲ್ಲಿ ಮಾಲೀಕರೆಂದು ಹೆಸರಿರುವವರು ತಾಯಿ. ಮಗನಿಗೆ ಅವರು ಬರೆದುಕೊಟ್ಟ ಅಧಿಕಾರ ಪತ್ರವಿಲ್ಲದಿದ್ದರೆ ಅವರ ಸಹಿಯು ಮಾಲೀಕರ ಒಪ್ಪಿಗೆಯೆನಿಸದು. ನಾಳೆ ಮಗ ಮತ್ತು ಮಗಳ ನಡುವೆ ಮನೆಯ ವಿಷಯದಲ್ಲಿ ಮನಸ್ತಾಪ ಬಂದರೆ ನಿಮ್ಮ ಕಾಗದವನ್ನೇ ಮೊದಲು ಪ್ರಶ್ನಿಸುತ್ತಾರೆ. ತಾಯಿಯವರು ಸದ್ಯಕ್ಕೆ ಬರಲಾಗದಿದ್ದರೆ, ಅವರ ಸ್ವಂತ ಸಂಖ್ಯೆಯಿಂದ ವಾಟ್ಸಾಪ್ ಅಥವಾ ಇಮೇಲ್ ಮೂಲಕ ಒಪ್ಪಿಗೆ ಪಡೆದಿಟ್ಟುಕೊಳ್ಳಿ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ವಿದ್ಯುನ್ಮಾನ ದಾಖಲೆಗೂ ಲಿಖಿತದ ಮಾನ್ಯತೆ ಕೊಟ್ಟಿದೆ. ಆದರೆ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಮುಂತಾದ ಕ್ರಮಗಳಿರುವುದರಿಂದ, ಕಾಗದದ ಮೇಲಿನ ಸಹಿ ಬರುವವರೆಗಿನ ತಾತ್ಕಾಲಿಕ ಆಸರೆ ಎಂದಷ್ಟೇ ಅದನ್ನು ನೋಡಿ.

ಎರಡನೆಯದು ಇನ್ನೂ ದೊಡ್ಡದು. "ಸಹೋದ್ಯೋಗಿ ವಾಸಿಸಲು ಅನುಮತಿ" ಎಂದರೆ ಅವರು ಯಾವ ನೆಲೆಯಲ್ಲಿ ವಾಸಿಸುತ್ತಾರೆ? ನಿಮ್ಮ ಒಳಬಾಡಿಗೆದಾರರಾಗಿ ಬಂದರೆ ಅವರು ನಿಮಗೆ ಬಾಡಿಗೆ ಕೊಡುತ್ತಾರೆ, ನೀವು ಮಾಲೀಕರಿಗೆ ಪೂರ್ತಿ 26,000 ಕೊಡುತ್ತೀರಿ. ಅವರು ಕೊಡದೆ ಹೋದರೂ, ಗೋಡೆ ಕೆಡಿಸಿದರೂ ಮಾಲೀಕರಿಗೆ ಉತ್ತರಿಸಬೇಕಾದವರು ನೀವೇ. ಸಹಬಾಡಿಗೆದಾರರಾಗಿ ಬಂದರೆ ಅವರೂ ನೇರವಾಗಿ ಮಾಲೀಕರಿಗೆ ಹೊಣೆಗಾರರು, ಅಡ್ವಾನ್ಸ್‌ನಲ್ಲಿ ಅವರ ಪಾಲಿಗೂ ದಾಖಲೆಯಿರುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ಬೇಕಾಗಿರುವುದು ಎರಡನೆಯದು. ಇಬ್ಬರು ಸಹಿ ಹಾಕಿದ ಕರಾರಿನಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದಾರೆ, ಅಷ್ಟೆ.

ಇಲ್ಲಿ ನೀವು ಮರೆತಿರುವವರು ಪುಣೆಗೆ ಹೋಗುತ್ತಿರುವ ಸ್ನೇಹಿತರು. ಮನೆ ಬಿಟ್ಟ ಮಾತ್ರಕ್ಕೆ ಅವರ ಹೊಣೆ ಮುಗಿಯುವುದಿಲ್ಲ. ಮಾಲೀಕರು ಬಿಡುಗಡೆ ಮಾಡದಿದ್ದರೆ ಏಪ್ರಿಲ್‌ವರೆಗಿನ ಬಾಡಿಗೆಗೆ ಅವರೂ ಬಾಧ್ಯಸ್ಥರು. ಅವರ 75,000 ರೂಪಾಯಿಯ ಮೇಲಿನ ಹಕ್ಕೂ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಒಂದೇ ಕಾಗದದಲ್ಲಿ ಮೂರು ಕೆಲಸಗಳಾಗಬೇಕು: ಹೋಗುವವರ ಬಿಡುಗಡೆ, ಬರುವವರ ಸೇರ್ಪಡೆ, ಅಡ್ವಾನ್ಸ್ ಈಗ ಯಾರದ್ದು ಎಂಬ ಸ್ಪಷ್ಟನೆ. ಪೂರಕ ಕರಾರೆಂದು ಸ್ಟ್ಯಾಂಪ್ ಪೇಪರಿನ ಮೇಲೆ ಬರೆಸಿ, ಮೂಲ ಕರಾರಿಗೆ ಲಗತ್ತಿಸಿ. ತಿರುಳು ಹೀಗಿರಲಿ:

"ಕಳೆದ ಜೂನ್ 1ರ ಬಾಡಿಗೆ ಕರಾರಿನ ಎರಡನೆಯ ಬಾಡಿಗೆದಾರರು ಅಕ್ಟೋಬರ್ 31ರಂದು ಮನೆ ತೆರವು ಮಾಡುತ್ತಿದ್ದು, ಆ ದಿನದ ನಂತರದ ಹೊಣೆಗಳಿಂದ ಮಾಲೀಕರು ಅವರನ್ನು ಬಿಡುಗಡೆ ಮಾಡಿರುತ್ತಾರೆ. ನವೆಂಬರ್ 1ರಿಂದ ಅವರ ಸ್ಥಾನದಲ್ಲಿ ಇಂಥವರು ಬಾಡಿಗೆದಾರರಾಗಿ ಸೇರಲು ಒಂಬತ್ತನೆಯ ಷರತ್ತಿನ ಪ್ರಕಾರ ಮಾಲೀಕರು ಈ ಮೂಲಕ ಒಪ್ಪಿರುತ್ತಾರೆ. ಅವರು ಮೂಲ ಕರಾರಿನ ಎಲ್ಲ ಷರತ್ತುಗಳಿಗೆ ಬದ್ಧರಾಗಿರತಕ್ಕದ್ದು. ಮಾಲೀಕರ ಬಳಿಯಿರುವ 1,50,000 ರೂಪಾಯಿ ಅಡ್ವಾನ್ಸ್‌ನಲ್ಲಿ 75,000 ರೂಪಾಯಿ ಇನ್ನು ಮುಂದೆ ಹೊಸ ಬಾಡಿಗೆದಾರರದ್ದಾಗಿದ್ದು, ತೆರವು ಮಾಡಿದವರಿಗೆ ಅದರ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಬಾಡಿಗೆ ಮತ್ತು ಕರಾರಿನ ಅವಧಿಯಲ್ಲಿ ಬದಲಾವಣೆಯಿರುವುದಿಲ್ಲ."

ಮಾಲೀಕರು, ನೀವು, ಹೋಗುವವರು, ಬರುವವರು, ನಾಲ್ವರ ಸಹಿಯೂ ಇರಲಿ, ಇಬ್ಬರು ಸಾಕ್ಷಿಗಳಿರಲಿ. ಹೊಸಬರು 75,000ವನ್ನು ನಿಮ್ಮ ಸ್ನೇಹಿತರಿಗೆ ಬ್ಯಾಂಕ್ ಮೂಲಕವೇ ಕಳುಹಿಸಲಿ, ಅದೂ ಸಹಿಯಾದ ಮೇಲೆ.

15,000 ರೂಪಾಯಿಯ ಯೋಚನೆಯನ್ನು ಬಿಟ್ಟುಬಿಡಿ. ಬಾಡಿಗೆಯ ಪಾಲಿಗಿಂತ ಹೆಚ್ಚು ಹಣ ಪ್ರತಿ ತಿಂಗಳೂ ನಿಮ್ಮ ಖಾತೆಗೆ ಬರುತ್ತಿದ್ದರೆ, ನೀವು ಮಾಲೀಕರ ಮನೆಯಿಂದ ಲಾಭ ಮಾಡುತ್ತಿದ್ದೀರೆಂದು ಹೇಳಲು ಅವರಿಗೆ ಅದೇ ಸಾಕ್ಷಿಯಾಗುತ್ತದೆ. ಫ್ರಿಜ್ ಮತ್ತು ಮಂಚಕ್ಕೆ ಹಣ ಪಡೆಯಲೇಬೇಕೆಂದಿದ್ದರೆ ಅದನ್ನು ಬೇರೆಯಾಗಿ, ಸಾಮಾನಿನ ಬಾಡಿಗೆಯೆಂದು ಬರೆದುಕೊಂಡು ಪಡೆಯಿರಿ. ನನ್ನನ್ನು ಕೇಳಿದರೆ ತಿಂಗಳಿಗೆ 2,000 ರೂಪಾಯಿಗಾಗಿ ಈ ತಲೆನೋವು ಬೇಡ.

ಕಾನೂನುಪ್ರಿಯ

ನನ್ನ ಮೊದಲ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. 114ಎ ಕಲಮಿನ ಕೊನೆಯ ಭಾಗವನ್ನು ನಾನು ಓದಿರಲಿಲ್ಲ. ಆದರೆ ಇಬ್ಬರು ಒಂದೇ ಅಡುಗೆಮನೆ, ಒಂದೇ ಬಾಗಿಲು ಬಳಸುತ್ತ ವಾಸಿಸುವುದನ್ನು "ಅನ್ಯರ ಸ್ವಾಧೀನಕ್ಕೆ ಬಿಟ್ಟಂತೆ" ಎನ್ನಲಾಗದೆಂದೇ ಈಗಲೂ ನನ್ನ ಅಭಿಪ್ರಾಯ. ಮನೆಯ ಬೀಗದ ಕೈ ಬಾಡಿಗೆದಾರನ ಬಳಿಯೂ ಇರುತ್ತದಲ್ಲವೇ?

ಕರಾರು ಬರಹ

ಅದು ಗಟ್ಟಿಯಾದ ವಾದವೇ. ಬಾಡಿಗೆಯೋ ಬರೀ ಅನುಮತಿಯೋ ಎಂಬ ಪ್ರಶ್ನೆಯಲ್ಲಿ, ಕಾಗದದ ಹೆಸರಿಗಿಂತ ಪ್ರತ್ಯೇಕ ಸ್ವಾಧೀನ ಕೊಟ್ಟಿದ್ದಾರೆಯೇ ಎಂಬುದನ್ನೂ ಎರಡೂ ಕಡೆಯವರ ಉದ್ದೇಶವನ್ನೂ ನೋಡಬೇಕೆಂದು ಸುಪ್ರೀಂ ಕೋರ್ಟ್ 1959ರಲ್ಲಿಯೇ ಹೇಳಿದೆ. ಆದರೆ ಕೋಣೆಗೆ ಹೊಸಬರು ತಮ್ಮದೇ ಬೀಗ ಹಾಕಿಕೊಂಡು ಹೋಗುತ್ತಿದ್ದರೆ ಆ ಕೋಣೆಯ ಸ್ವಾಧೀನ ಯಾರದ್ದು? ಇದು ಸಾಕ್ಷ್ಯದ ಮೇಲೆ ತೀರ್ಮಾನವಾಗುವ ವಿಷಯ. ಒಂದು ಸಹಿಯಿಂದ ತಪ್ಪಿಸಬಹುದಾದ ವಾದಕ್ಕಾಗಿ ಯಾರೂ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಬೇಡ.

ವಿಜಯನಗರದ ಬಾಡಿಗೆದಾರ

ಇಂದು ಮಗನವರೊಂದಿಗೆ ಮಾತನಾಡಿದೆ. ತಾಯಿಯವರ ಸಹಿ ಕೊಡಿಸಲು ಒಪ್ಪಿದ್ದಾರೆ, ಆದರೆ ಎರಡು ತೊಡಕುಗಳು ಎದುರಾಗಿವೆ. ಹೊಸಬರನ್ನು ಸೇರಿಸಿಕೊಳ್ಳುವುದಾದರೆ ಬಾಡಿಗೆಯನ್ನು 28,000ಕ್ಕೆ ಏರಿಸಬೇಕೆನ್ನುತ್ತಿದ್ದಾರೆ. ಇನ್ನೊಂದೆಡೆ ನನ್ನ ಸಹೋದ್ಯೋಗಿಯವರು ಕಚೇರಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗಾಗಿ ತಮ್ಮ ಹೆಸರಿನಲ್ಲಿಯೇ ರಸೀದಿ ಬೇಕೆನ್ನುತ್ತಿದ್ದಾರೆ.

ಗಾಂಧಿಬಜಾರ್ ಮಾಲೀಕ

ಇದ್ದ ಜನರ ಸಂಖ್ಯೆ ಎರಡು, ಇರುವುದೂ ಎರಡು. ನೀರು ಹೆಚ್ಚಾಗಿಲ್ಲ, ಕಸ ಹೆಚ್ಚಾಗಿಲ್ಲ, ಹೀಗಿರುವಾಗ ಅವಧಿಯ ನಡುವೆ ಬಾಡಿಗೆ ಏರಿಸುವುದು ನನಗೂ ಸರಿಕಾಣುವುದಿಲ್ಲ. ಆದರೆ ಅವರು ಕೇಳಬಹುದು, ಏಕೆಂದರೆ ಒಪ್ಪಿಗೆ ಅವರ ಕೈಯಲ್ಲಿದೆ. ಏಪ್ರಿಲ್‌ನಲ್ಲಿ ಹೇಗಿದ್ದರೂ ಏರಿಸುತ್ತಾರೆ. ಆಗ ಏರಿಸುವ ಮೊತ್ತವನ್ನು ಈಗಲೇ ಮಾತನಾಡಿಕೊಂಡು, ಅಲ್ಲಿಯವರೆಗೆ 26,000ವನ್ನೇ ಉಳಿಸಿಕೊಳ್ಳುವಂತೆ ಕೇಳಿ ನೋಡಿ.

ರಸೀದಿಯ ವಿಷಯದಲ್ಲಿ ಸ್ವಲ್ಪ ನಾಜೂಕು ಬೇಕು. 13,000ದಂತೆ ವರ್ಷಕ್ಕೆ 1,56,000 ರೂಪಾಯಿಯಾಗುತ್ತದೆ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಚೇರಿಗೆ ಕೊಡಬೇಕಾಗುತ್ತದೆ. ಬಾಡಿಗೆಯ ಆದಾಯವನ್ನು ತೋರಿಸದ ಮಾಲೀಕರು ಈ ಒಂದು ಮಾತಿಗೇ ಹಿಂದೆ ಸರಿಯುವುದುಂಟು. ಅದನ್ನು ಒಪ್ಪಿಗೆ ಪತ್ರದ ಜೊತೆಯಲ್ಲಿಯೇ ಕೇಳಬೇಡಿ ಎಂದು ಹೇಳಬೇಕೆನಿಸುತ್ತದೆ, ಆದರೆ ಸಹಿಯಾದ ಮೇಲೆ ಕೇಳಿದರೆ ಮೋಸ ಮಾಡಿದಿರೆಂದುಕೊಳ್ಳುತ್ತಾರೆ. ಮೊದಲೇ ಹೇಳಿಬಿಡಿ. ನನ್ನ ಒಂದೇ ಕಂತಿನ ನಿಯಮವನ್ನೂ ಇಲ್ಲಿ ಬಿಡಬೇಕಾದೀತು. ಅವರ ಪಾಲು ಅವರ ಖಾತೆಯಿಂದಲೇ ಮಾಲೀಕರಿಗೆ ಹೋಗುವುದು ಕಚೇರಿಯ ಲೆಕ್ಕಕ್ಕೆ ಒಳ್ಳೆಯದು.

ಕರಾರು ಬರಹ

ಸಹಬಾಡಿಗೆದಾರರಾಗಿ ಸೇರಿಸಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅವರು ನಿಮಗೆ ಬಾಡಿಗೆ ಕೊಟ್ಟರೆ ಅವರ ಕಚೇರಿ ಕೇಳುವುದು ನಿಮ್ಮ ಪ್ಯಾನ್, ಆಗ ಆ ಹಣ ನಿಮ್ಮ ಆದಾಯದಂತೆ ಕಾಣುತ್ತದೆ.

ವಿಜಯನಗರದ ಬಾಡಿಗೆದಾರ

ಭಾನುವಾರ ತುಮಕೂರಿಗೆ ಹೋಗಿ ಬಂದೆವು. ತಾಯಿಯವರು ಪೂರಕ ಕರಾರನ್ನು ಎರಡು ಬಾರಿ ಓದಿಸಿಕೊಂಡು, ಹೊಸಬರ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ವಿಚಾರಿಸಿ, ಕಾಫಿ ಕೊಟ್ಟು ಸಹಿ ಹಾಕಿದರು. ಬಾಡಿಗೆ ಏಪ್ರಿಲ್‌ವರೆಗೆ 26,000 ರೂಪಾಯಿಯೇ ಇರುತ್ತದೆ, ಮೇ ತಿಂಗಳಿಂದ 28,000. ಪ್ಯಾನ್ ಸಂಖ್ಯೆಯನ್ನು ಕೊಡಲು ಮಗ ಹಿಂಜರಿದರೂ, ಪಿಂಚಣಿಯ ಜೊತೆ ಬಾಡಿಗೆಯನ್ನೂ ತೋರಿಸುತ್ತೇನೆಂದು ತಾಯಿಯವರೇ ಹೇಳಿ ಕೊಟ್ಟರು. ಸಾಮಾನಿಗೆಂದು ಹೆಚ್ಚಿನ ಹಣವನ್ನು ನಾನು ಕೇಳಲಿಲ್ಲ.

ಈಗ ಉಳಿದಿರುವ ಜಗಳ ನಮ್ಮ ನಮ್ಮಲ್ಲಿಯೇ ಇದೆ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವುದಾಗಿ ಕರಾರಿನಲ್ಲಿದೆ. ನನ್ನ ಸಹೋದ್ಯೋಗಿಯವರು ಪೂರ್ತಿ 75,000 ಕೊಟ್ಟರೆ, ಸ್ನೇಹಿತ 16 ತಿಂಗಳು ಬಳಸಿದ ಗೋಡೆಯ ಬಣ್ಣದ 13,000 ರೂಪಾಯಿ ಅವರ ತಲೆಗೆ ಬೀಳುತ್ತದೆ. ಸ್ನೇಹಿತ, ಇಂದು ಮಾಲೀಕರು ಏನನ್ನೂ ಹಿಡಿದುಕೊಂಡಿಲ್ಲ, ಆದ್ದರಿಂದ ತನಗೆ ಪೂರ್ತಿ ಬರಬೇಕೆನ್ನುತ್ತಾನೆ.

ಗಾಂಧಿಬಜಾರ್ ಮಾಲೀಕ

ಸ್ನೇಹಿತರ 13,000ವನ್ನು ಈಗಲೇ ಕಳೆದು 62,000 ಕೊಡಿಸಿ. ಬಣ್ಣ ಹಾಳಾದದ್ದು ಅವರ ಕಾಲದಲ್ಲಿ.

ಅಕ್ಕನ ಮನೆ

ಹೊಸಬರು ಮೂರು ವರ್ಷ ಇದ್ದುಬಿಟ್ಟರೆ? ಆಗ 16 ತಿಂಗಳಿದ್ದವರು ಬಣ್ಣದ ಪೂರ್ತಿ ಪಾಲು ಕೊಟ್ಟಂತಾಗುತ್ತದೆ, ಮೂರು ವರ್ಷ ಇದ್ದವರು ಏನೂ ಕೊಡದಂತಾಗುತ್ತದೆ. ಅದೂ ನ್ಯಾಯವೆನಿಸುವುದಿಲ್ಲ.

ಕರಾರು ಬರಹ

ಇದಕ್ಕೆ ಯಾವ ಕಲಮೂ ಇಲ್ಲ. ಪೂರಕ ಕರಾರಿನಲ್ಲಿಯೇ ಒಂದು ಸಾಲು ಬರೆಸಬೇಕಿತ್ತು, ನಾನೂ ಮರೆತೆ. ಮಾಲೀಕರಿಗೆ ಸಂಬಂಧಿಸಿದ್ದಲ್ಲವಾದ್ದರಿಂದ ನೀವು ಮೂವರೂ ಒಂದು ಮೊತ್ತವನ್ನು ಮಾತನಾಡಿಕೊಂಡು ಇಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಹಣ ಕಳುಹಿಸಲಿ.

ವಿಜಯನಗರದ ಬಾಡಿಗೆದಾರ

ಸದ್ಯಕ್ಕೆ 68,500ಕ್ಕೆ ಬಂದು ನಿಂತಿದೆ. ಸ್ನೇಹಿತ ಇನ್ನೂ ಹೂಂ ಎಂದಿಲ್ಲ.